‘ಎಲ್ಲಿಂದ?’ ಹೋಗಿ ‘ಯಾರು?’ ಬಂದ ಬಗೆ

2020ರ ನವೆಂಬರ್ 5ರಂದು ಕೇಂದ್ರದ ದೂರಸಂಪರ್ಕ ಇಲಾಖೆ ಬಿಪಿಒ ಉದ್ಯಮದ ಮೇಲಿನ ನಿಯಮಗಳನ್ನು ಸಡಿಲಿಸಿತು. ನೋಂದಣಿ ಬೇಡ, ಬ್ಯಾಂಕ್ ಗ್ಯಾರಂಟಿ ಬೇಡ, ನೆಟ್‌ವರ್ಕಿನ ನಕ್ಷೆ ಪ್ರಕಟಿಸಬೇಕಿಲ್ಲ ಎಂಬ ಮಾತುಗಳ ನಡುವೆ ಸ್ಟ್ಯಾಟಿಕ್ ಐಪಿಯೂ ಇನ್ನು ಕಡ್ಡಾಯವಲ್ಲ ಎಂದಿತ್ತು. ಮಾಲೀಕರ ಕಣ್ಣು ಸಹಜವಾಗಿ ಬ್ಯಾಂಕ್ ಗ್ಯಾರಂಟಿಯ ಮೇಲಿತ್ತು. ಐರೋಲಿ, ಮಹಾಪೆ, ಥಾಣೆಯ ವಾಗ್ಲೆ ಎಸ್ಟೇಟ್ ಕಡೆಯ ಕಚೇರಿಗಳಲ್ಲಿ ಸರ್ವರ್ ನೋಡಿಕೊಳ್ಳುವವರ ಪಾಲಿಗೆ ಮಾತ್ರ ತೂಕದ ಮಾತು ಆ ಕೊನೆಯದ್ದೇ. ಕೆಲಸ ಮಾಡುವವನನ್ನು ಅವನ ಇಂಟರ್ನೆಟ್ ವಿಳಾಸದಿಂದ ಗುರುತಿಸುವ ಹಳೇ ಪದ್ಧತಿಯನ್ನು ಸರ್ಕಾರ ತಾನೇ ಕೈಬಿಟ್ಟಿತ್ತು.

ಅದಕ್ಕೂ ಹಿಂದಿನ ಸ್ಥಿತಿ ಹೇಗಿತ್ತೆಂದರೆ, 2008ರ ನಿಯಮಗಳ ಪ್ರಕಾರ ಕಾಲ್ ಸೆಂಟರಿನ ನೌಕರ ಮನೆಯಿಂದ ಕೆಲಸ ಮಾಡಬೇಕಿದ್ದರೆ ಕಂಪನಿ ಒಂದು ಕೋಟಿ ರೂಪಾಯಿಯ ಭದ್ರತೆ ಇಡಬೇಕಿತ್ತು. ಪರವಾನಗಿ ಪಡೆದ ದೂರಸಂಪರ್ಕ ಕಂಪನಿಯಿಂದಲೇ ವಿಪಿಎನ್ ಕೊಳ್ಳಬೇಕಿತ್ತು. 2020ರ ಮಾರ್ಚ್ 13ರಂದು, ಕೊರೊನಾ ಹೊಸ್ತಿಲಿಗೆ ಬಂದಾಗ, ಇಲಾಖೆ ಈ ಎರಡನ್ನೂ ತಾತ್ಕಾಲಿಕವಾಗಿ ಬಿಟ್ಟಿತು. ಕಂಪನಿ ತನ್ನದೇ ವಿಪಿಎನ್ ಕಟ್ಟಿಕೊಳ್ಳಬಹುದು, ಆದರೆ ಸ್ಟ್ಯಾಟಿಕ್ ಐಪಿ ಇರಬೇಕು, ಕೆಲಸದ ಜಾಗ ಮೊದಲೇ ಗೊತ್ತುಪಡಿಸಿರಬೇಕು ಎಂದಿತು. ಮಾರ್ಚ್ 22ರ ಮಧ್ಯರಾತ್ರಿಯಿಂದ ಲೋಕಲ್ ರೈಲು ನಿಂತೇಹೋಯಿತು. ಡೊಂಬಿವಲಿ, ಕಲ್ಯಾಣದಿಂದ ದಿನಾ ಬೆಳಿಗ್ಗೆ ರೈಲಿಗೆ ತೂರಿಕೊಳ್ಳುತ್ತಿದ್ದ ಜನ ಒಂದೇ ರಾತ್ರಿಯಲ್ಲಿ ‘ರಿಮೋಟ್ ಸಿಬ್ಬಂದಿ’ಯಾದರು. ಅವರೆಲ್ಲರ ಮನೆಗೂ ಬದಲಾಗದ ಐಪಿ ಎಲ್ಲಿಂದ ತರುವುದು?

ವಿಳಾಸದ ಪಟ್ಟಿ ಕೆಲಸ ಮಾಡುವುದು ಹೇಗೆಂದು ಮೊದಲು ನೋಡಿಬಿಡೋಣ. ಕಚೇರಿಗಳಲ್ಲಿ ಇಂದಿಗೂ ‘ಈ ಐಪಿ ವೈಟ್‌ಲಿಸ್ಟ್ ಮಾಡಿ’ ಎಂದೇ ಹೇಳುವುದು. ಸರ್ವರಿನ ಸಂರಚನೆಯಲ್ಲಿ ಅದು ಇಷ್ಟೇ:

```
allow 203.0.113.24;
deny all;
```

203.0.113.24 ಎಂಬ ವಿಳಾಸದಿಂದ ಬಂದವರಿಗೆ ಬಾಗಿಲು ತೆರೆ, ಉಳಿದವರಿಗೆಲ್ಲ ಮುಚ್ಚು. ಎರಡೇ ಸಾಲು, ಖರ್ಚಿಲ್ಲ, ಪಾಸ್‌ವರ್ಡ್ ಊಹಿಸುತ್ತ ಜಗತ್ತಿಡೀ ಅಲೆಯುವ ಕಳ್ಳ ಪ್ರೋಗ್ರಾಮುಗಳಿಗೆ ಸರ್ವರಿನ ಲಾಗಿನ್ ಪುಟವೇ ಕಾಣುವುದಿಲ್ಲ. ಈ ಗುಣವನ್ನು ಹೀಗಳೆಯುವಂತಿಲ್ಲ. ಪಾಸ್‌ವರ್ಡ್ ಕದ್ದವನೂ ಆ ವಿಳಾಸದಲ್ಲಿಲ್ಲದಿದ್ದರೆ ಹೊರಗೇ ಉಳಿಯುತ್ತಾನೆ.

ಕಟ್ಟಡದ ಕಾಲದಲ್ಲಿ ಇದು ಚೆನ್ನಾಗಿಯೇ ನಡೆಯಿತು. ವಾಗ್ಲೆ ಎಸ್ಟೇಟಿನ ಒಂದು ಕಚೇರಿಗೆ ಲೀಸ್ಡ್ ಲೈನ್ ಇದೆ, ಅದರ ವಿಳಾಸ ವರ್ಷಗಟ್ಟಲೆ ಬದಲಾಗದು. ಒಳಗೆ ಕೂತವರು ಗೇಟಿನಲ್ಲಿ ಕಾರ್ಡ್ ತೋರಿಸಿ ಬಂದವರು, ಮೇಜಿನ ಮೇಲಿರುವುದು ಕಂಪನಿಯ ಕಂಪ್ಯೂಟರ್, ಅಕ್ಕಪಕ್ಕದಲ್ಲಿ ಸಹೋದ್ಯೋಗಿಗಳು. ಅಪರಿಚಿತ ಮುಖ ಬಂದರೆ ಯಾರಾದರೂ ಕೇಳುತ್ತಾರೆ. ಹಾಗಾಗಿ ‘ಈ ವಿಳಾಸದಿಂದ ಬಂದಿದೆ’ ಎಂದರೆ ‘ನಮ್ಮವರೇ, ನಮ್ಮ ಯಂತ್ರದಿಂದಲೇ’ ಎಂಬ ಅರ್ಥ ತಾನಾಗಿ ಹೊರಡುತ್ತಿತ್ತು. ಆ ನಂಬಿಕೆ ಗೇಟಿನ ಕಾವಲುಗಾರನದ್ದು. ಐಪಿ ಅದನ್ನು ಎರವಲು ಪಡೆದಿತ್ತು. ನೌಕರರು ಮನೆಗೆ ಹೋದಾಗ ಗೇಟು ಅಲ್ಲೇ ಉಳಿಯಿತು. ಸಂರಚನೆಯ ಆ ಸಾಲು ಮಾತ್ರ ಏನೂ ಆಗಿಲ್ಲವೆಂಬಂತೆ ಮುಂದುವರಿಯಿತು.

ಮನೆಯ ಬ್ರಾಡ್‌ಬ್ಯಾಂಡಿನ ಕಥೆಯೇ ಬೇರೆ. ಏಷ್ಯಾ-ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆಯ ಹಳೇ ಮಾದರಿಯ (ಐಪಿವಿ4) ದಾಸ್ತಾನು 2011ರ ಏಪ್ರಿಲ್‌ನಲ್ಲೇ ಕೊನೆಯ ತುಂಡಿಗೆ ಬಂದು, ಹಂಚಿಕೆ ರೇಷನ್ನಿನಂತಾಯಿತು. ಆಮೇಲೆ ಹುಟ್ಟಿದ ಸಣ್ಣ ಇಂಟರ್ನೆಟ್ ಕಂಪನಿಗಳಿಗೆ, ಕೇಬಲ್ ಟಿವಿಯಿಂದ ಬ್ರಾಡ್‌ಬ್ಯಾಂಡಿಗೆ ಬಂದ ಗಲ್ಲಿಯ ಆಪರೇಟರುಗಳಿಗೆ, ಮನೆಗೊಂದರಂತೆ ಕೊಡುವಷ್ಟು ವಿಳಾಸ ಸಿಗಲೇ ಇಲ್ಲ. ಅವರು ಹಿಡಿದ ದಾರಿ ಸಿಜಿನ್ಯಾಟ್. ಒಂದು ಸಾರ್ವಜನಿಕ ವಿಳಾಸದ ಹಿಂದೆ ಹಲವು ಮನೆಗಳನ್ನು ಕೂರಿಸುವುದು. ಪ್ರತಿ ವಿಳಾಸಕ್ಕೆ 65,536 ಪೋರ್ಟುಗಳಿರುತ್ತವೆ. ಮನೆಗೆ ಸಾವಿರದಂತೆ ಹಂಚಿದರೆ ಒಂದೇ ವಿಳಾಸದಲ್ಲಿ ಸುಮಾರು 65 ಮನೆ ಹಿಡಿಸುತ್ತವೆ. ಈ ಏರ್ಪಾಟಿಗೆಂದೇ 2012ರಲ್ಲಿ 100.64.0.0ಯಿಂದ 100.127.255.255ರವರೆಗಿನ ಸಾಲನ್ನು ಜಗತ್ತಿನಾದ್ಯಂತ ಮೀಸಲಿಟ್ಟರು.

ನಿಮ್ಮ ಮನೆ ಇದರೊಳಗಿದೆಯೇ ಎಂದು ತಿಳಿಯುವುದು ಸುಲಭ. ರೂಟರಿನ ಪುಟ ತೆರೆದು WAN ಎಂಬಲ್ಲಿನ ವಿಳಾಸ ನೋಡಿ. ‘ನನ್ನ ಐಪಿ ಯಾವುದು’ ಎಂದು ತೋರಿಸುವ ಯಾವುದಾದರೂ ತಾಣದಲ್ಲಿ ಕಾಣುವ ವಿಳಾಸಕ್ಕೆ ಹೋಲಿಸಿ. ಎರಡೂ ಒಂದೇ ಆದರೆ ವಿಳಾಸ ನಿಮ್ಮದೇ. ರೂಟರಿನಲ್ಲಿ 100.64 ಮತ್ತು 100.127ರ ನಡುವಿನದ್ದೋ 10ರಿಂದ ಶುರುವಾಗುವುದೋ ಇದ್ದು, ಹೊರಗೆ ಬೇರೊಂದು ಕಂಡರೆ, ನೀವು ಹಂಚಿಕೆಯ ಬಾಡಿಗೆದಾರರು.

ಇದರ ಪರಿಣಾಮವನ್ನು ಐಟಿ ವಿಭಾಗದವರು ಅರ್ಧ ಮಾತ್ರ ನೋಡುತ್ತಾರೆ. ವಿಳಾಸ ಬದಲಾಗಿ ನೌಕರನಿಗೆ ಬಾಗಿಲು ಮುಚ್ಚಿತೆಂದರೆ ಕೂಡಲೇ ಫೋನು ಬರುತ್ತದೆ, ಆದ್ದರಿಂದ ಅದು ಎಲ್ಲರಿಗೂ ಗೊತ್ತು. ಉಳಿದರ್ಧಕ್ಕೆ ಫೋನು ಬರುವುದೇ ಇಲ್ಲ. ಡೊಂಬಿವಲಿಯ ಒಂದು ಹೌಸಿಂಗ್ ಸೊಸೈಟಿಯಲ್ಲಿರುವ ನೌಕರನ ವಿಳಾಸವನ್ನು ವೈಟ್‌ಲಿಸ್ಟ್ ಮಾಡಿದರೆ, ಅದೇ ಆಪರೇಟರಿನ ಅದೇ ವಿಳಾಸದ ಹಿಂದಿರುವ ಅಷ್ಟೂ ಮನೆಗಳಿಗೆ ಕಂಪನಿಯ ಲಾಗಿನ್ ಪುಟ ತೆರೆದುಕೊಳ್ಳುತ್ತದೆ. ಮೂರನೇ ಮಹಡಿಯ ಯಾರದೋ ಕಂಪ್ಯೂಟರಿನಲ್ಲಿ ವೈರಸ್ ಸೇರಿದ್ದರೆ ಅದೂ ‘ನಂಬಿಕೆಯ ವಿಳಾಸ’ದಿಂದಲೇ ಬರುತ್ತದೆ. ನೌಕರ ರಾಜೀನಾಮೆ ಕೊಟ್ಟು ಹೋದ ಮೇಲೂ ಆ ಸಾಲು ಪಟ್ಟಿಯಲ್ಲಿ ಕೂತಿರುತ್ತದೆ. ವಿಳಾಸ ಮಾತ್ರ ಇನ್ಯಾರದೋ ಪಾಲಾಗಿರುತ್ತದೆ.

2020ರ ಮೇ ತಿಂಗಳ ನೆನಪಿದ್ದವರಿಗೆ ಇನ್ನೊಂದು ತೊಡಕೂ ಗೊತ್ತಿರುತ್ತದೆ. ಮುಂಬಯಿ, ಥಾಣೆ, ನವಿ ಮುಂಬಯಿಯ ಎಷ್ಟೋ ಕನ್ನಡಿಗರು ಆಗ ಉಡುಪಿ, ಮಂಡ್ಯದ ಕಡೆ ಊರಿಗೆ ಹೊರಟುಬಿಟ್ಟರು. ಊರಿನಲ್ಲಿ ಲ್ಯಾಪ್‌ಟಾಪಿಗೆ ಆಸರೆ ಮೊಬೈಲ್ ಹಾಟ್‌ಸ್ಪಾಟ್. ಮೊಬೈಲ್ ಜಾಲದ ಸಂಚಾರ ದೂರದ ಯಾವುದೋ ನಗರದ ಗೇಟ್‌ವೇಯಿಂದ ಇಂಟರ್ನೆಟ್ಟಿಗೆ ಇಳಿಯುವುದರಿಂದ, ಕಾರ್ಕಳದಲ್ಲಿ ಕೂತವರನ್ನು ಸರ್ವರ್ ಬೆಂಗಳೂರಿನವರೆಂದೋ ಮುಂಬಯಿಯವರೆಂದೋ ಬರೆದುಕೊಳ್ಳಬಹುದು. ವರ್ತಕ ನಗರದಲ್ಲಿದ್ದು, ಆಟೊದಲ್ಲಿ ಕಚೇರಿ ಮುಟ್ಟಬಹುದಾದಷ್ಟು ಹತ್ತಿರವಿದ್ದವರೂ ಇದೇ ಲೆಕ್ಕಕ್ಕೆ ಸೇರಿದರು. ನೆಟ್‌ವರ್ಕಿನ ದೃಷ್ಟಿಯಲ್ಲಿ ಇಬ್ಬರೂ ಸಮಾನ ದೂರ.

ಈ ಪಟ್ಟಿ ಹೇಗೆ ಕೊಳೆಯುತ್ತದೆ ಎಂಬುದಕ್ಕೆ ಒಂದು ದಿನವನ್ನೇ ಹಿಡಿದು ನೋಡಬಹುದು: 2020ರ ಅಕ್ಟೋಬರ್ 12, ಸೋಮವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬಯಿ, ಥಾಣೆ, ನವಿ ಮುಂಬಯಿಯ ಬಹುಭಾಗದಲ್ಲಿ ಕರೆಂಟು ಹೋಯಿತು. ಥಾಣೆಯ ಕಳವಾ ಉಪಕೇಂದ್ರಕ್ಕೆ ಬರುವ ಪ್ರಸರಣ ಮಾರ್ಗಗಳ ತೊಂದರೆ ಅದರ ಮೂಲದಲ್ಲಿತ್ತು. ಈಗ ಒಂದು ಊಹೆ: ವಾಗ್ಲೆ ಎಸ್ಟೇಟಿನ ಒಂದು ಸಣ್ಣ ಕಂಪನಿ, ಮನೆಯಿಂದ ಲೆಕ್ಕ ಬರೆಯುವ ಒಬ್ಬ ಮಹಿಳೆ, ಕ್ಲೌಡಿನಲ್ಲಿರುವ ಲೆಕ್ಕಪತ್ರದ ಸರ್ವರ್. ಆ ಸರ್ವರಿನ ಪಟ್ಟಿಯಲ್ಲಿ ಕಚೇರಿಯ ವಿಳಾಸ, ಜೊತೆಗೆ ಸಿಬ್ಬಂದಿಯ ಮನೆಗಳ ವಿಳಾಸ.

ಕರೆಂಟು ಹೋದೊಡನೆ ಆಕೆಯ ಮನೆಯ ಫೈಬರ್ ಪೆಟ್ಟಿಗೆ, ರೂಟರ್ ಎರಡೂ ಆರಿದವು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇದೆ, ಮೊಬೈಲಿನಲ್ಲಿ ಡೇಟಾ ಇದೆ. ಹಾಟ್‌ಸ್ಪಾಟ್ ಹಚ್ಚಿದರೆ ತೆರೆಯ ಮೇಲೆ ‘403 Forbidden’. ಐಟಿ ಹುಡುಗನಿಗೆ ಫೋನು. ಅವನು ಮೊಬೈಲಿನ ಆ ಹೊತ್ತಿನ ವಿಳಾಸ ಕೇಳಿ ಪಟ್ಟಿಗೆ ಸೇರಿಸುತ್ತಾನೆ. ಕೆಲಸ ಶುರುವಾಗುತ್ತದೆ. ಒಂದು ಕರೆ ಬಂದು ಹಾಟ್‌ಸ್ಪಾಟ್ ಕಡಿದು ಮತ್ತೆ ಜೋಡಿಸಿದಾಗ ಕೊನೆಯ ಅಂಕಿ ಬದಲಾಗಿದೆ. ಮತ್ತೆ 403, ಮತ್ತೆ ಫೋನು. ಇಂಥ ಫೋನು ಬರೀ ಆಕೆಯದ್ದಲ್ಲ. ಬೇಸತ್ತ ಹುಡುಗ ಒಂದು ವಿಳಾಸದ ಬದಲು /24 ಎಂದು ಬರೆಯುತ್ತಾನೆ: 256 ವಿಳಾಸ. ಅದಕ್ಕೂ ಮೀರಿ ಬದಲಾದಾಗ /16: ಒಂದೇ ಸಾಲಿನಲ್ಲಿ 65,536 ವಿಳಾಸ, ಪ್ರತಿಯೊಂದರ ಹಿಂದೆ ಎಷ್ಟು ಮೊಬೈಲುಗಳೋ. ಸಂಜೆ ಕರೆಂಟು ಬಂದಿದೆ, ಎಲ್ಲರೂ ಮನೆಯ ಬ್ರಾಡ್‌ಬ್ಯಾಂಡಿಗೆ ಮರಳಿದ್ದಾರೆ. ಆ /16 ಸಾಲನ್ನು ಅಳಿಸಲು ಯಾರಿಗೂ ನೆನಪಿಲ್ಲ, ಯಾಕೆಂದರೆ ಅಳಿಸದಿದ್ದರೆ ಯಾರಿಗೂ ತೊಂದರೆಯಿಲ್ಲ. ಇಂಥ ಸಾಲುಗಳಿಲ್ಲದ ಹಳೆಯ ವೈಟ್‌ಲಿಸ್ಟ್ ಸಿಗುವುದು ಅಪರೂಪ. ಪಟ್ಟಿಯಲ್ಲಿ /24ಕ್ಕಿಂತ ದೊಡ್ಡ ತುಂಡುಗಳು ಕಂಡರೆ, ಸಾಲಿನ ಪಕ್ಕದಲ್ಲಿ ಯಾರದು, ಯಾಕೆ, ಎಂದಿನವರೆಗೆ ಎಂಬ ಟಿಪ್ಪಣಿ ಇಲ್ಲದಿದ್ದರೆ, ಆ ಪಟ್ಟಿ ಯಾರನ್ನೂ ತಡೆಯುತ್ತಿಲ್ಲವೆಂದೇ ತಿಳಿಯಬೇಕು.

ಇದಕ್ಕೆ ಎಲ್ಲರೂ ಹುಡುಕಿಕೊಂಡ ಪರಿಹಾರ ವಿಪಿಎನ್. ನೌಕರ ಎಲ್ಲಿಂದಲಾದರೂ ಬರಲಿ, ಮೊದಲು ಕಚೇರಿಯ ವಿಪಿಎನ್ ಪೆಟ್ಟಿಗೆಗೆ ಬರಲಿ. ಅಲ್ಲಿಂದ ಮುಂದೆ ಕಚೇರಿಯ ವಿಳಾಸವನ್ನೇ ತೊಟ್ಟು ಹೋಗಲಿ. ಪಟ್ಟಿಯಲ್ಲಿ ಮತ್ತೆ ಒಂದೇ ಸಾಲು ಸಾಕು. ಆದರೆ ಅಕ್ಟೋಬರ್ 12ರಂಥ ದಿನ ವಾಗ್ಲೆ ಎಸ್ಟೇಟಿನ ಯುಪಿಎಸ್ ಮುಗಿದರೆ ಊರಿನಲ್ಲಿ ಕರೆಂಟಿರುವವನೂ ಕೆಲಸವಿಲ್ಲದೆ ಕೂರಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ, ವಿಪಿಎನ್ ನೌಕರನನ್ನು ಬೇಕಾದ ಒಂದು ತಂತ್ರಾಂಶಕ್ಕೆ ತಲುಪಿಸಿ ಸುಮ್ಮನಾಗುವುದಿಲ್ಲ, ಸಾಮಾನ್ಯವಾಗಿ ಇಡೀ ಜಾಲದೊಳಗೆ ಬಿಟ್ಟುಬಿಡುತ್ತದೆ. ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಗೆ 2021ರಲ್ಲಿ ಕಳ್ಳರು ನುಗ್ಗಿದ್ದು ಬಳಕೆಯಲ್ಲಿಲ್ಲದ ಒಂದು ಹಳೇ ವಿಪಿಎನ್ ಖಾತೆಯಿಂದ. ಅದಕ್ಕೆ ಪಾಸ್‌ವರ್ಡ್ ಬಿಟ್ಟರೆ ಎರಡನೇ ತಪಾಸಣೆ ಇರಲಿಲ್ಲ. ಮೇ 7ರಂದು ಆ ದೇಶದ ಪೂರ್ವ ಕರಾವಳಿಗೆ ಇಂಧನ ಸಾಗಿಸುವ ಕೊಳವೆಯನ್ನೇ ನಿಲ್ಲಿಸಬೇಕಾಯಿತು.

ಒಳಗಿದ್ದವರೆಲ್ಲ ನಮ್ಮವರು ಎಂಬ ಎಣಿಕೆಯ ಮೇಲೆ ಸಂಶಯ ಹುಟ್ಟಿದ್ದು ಕೊರೊನಾಕ್ಕೂ ಬಹಳ ಮೊದಲು. ಜೆರಿಕೊ ಫೋರಂ ಎಂಬ ಭದ್ರತಾ ಅಧಿಕಾರಿಗಳ ಕೂಟ 2004ರಲ್ಲೇ ಕಚೇರಿಯ ಸುತ್ತಲ ಗೋಡೆ ಕರಗುತ್ತಿದೆ ಎಂದಿತ್ತು. ‘ಝೀರೋ ಟ್ರಸ್ಟ್’ ಎಂಬ ಹೆಸರನ್ನು ಚಲಾವಣೆಗೆ ತಂದದ್ದು 2010ರಲ್ಲಿ ಫಾರೆಸ್ಟರ್ ಸಂಸ್ಥೆಯ ಜಾನ್ ಕಿಂಡರ್ವಾಗ್. ಅದೇ ಜನವರಿಯಲ್ಲಿ ಗೂಗಲ್ ತನ್ನ ಜಾಲದೊಳಗೆ ದಾಳಿ ನಡೆದದ್ದನ್ನು ಬಹಿರಂಗಪಡಿಸಿತ್ತು. ಆಮೇಲೆ ಅದು ಮಾಡಿದ ಕೆಲಸ, ಬಿಯಾಂಡ್‌ಕಾರ್ಪ್ ಎಂಬ ಹೆಸರಿನಲ್ಲಿ 2014ರಿಂದ ಪ್ರಕಟವಾದ ಪ್ರಬಂಧಗಳಲ್ಲಿದೆ. ಅದರ ಸಾರ ಇಷ್ಟು: ಕಂಪನಿಯ ಕಟ್ಟಡದೊಳಗಿನ ನೌಕರನ ಜಾಲಕ್ಕೂ ಹೊರಗಿನ ಇಂಟರ್ನೆಟ್ಟಿನಷ್ಟೇ ಮರ್ಯಾದೆ. ತನ್ನ ಮೇಜಿನಲ್ಲಿ ಕೂತವನೂ ಕಾಫಿ ಅಂಗಡಿಯಲ್ಲಿ ಕೂತವನೂ ಒಂದೇ ತಪಾಸಣೆ ದಾಟಬೇಕು. ಅಮೆರಿಕದ ನಿಸ್ಟ್ ಸಂಸ್ಥೆ ಇದನ್ನು 2020ರ ಆಗಸ್ಟಿನಲ್ಲಿ 800-207 ಎಂಬ ದಾಖಲೆಯಾಗಿ ಹೊರತಂದಿತು. ಮಾರಾಟಗಾರರು ಈಗ ಪ್ರತಿ ಪೆಟ್ಟಿಗೆಯ ಮೇಲೂ ‘ಝೀರೋ ಟ್ರಸ್ಟ್’ ಎಂಬ ಹೆಸರು ಅಂಟಿಸುತ್ತಾರೆ. ಆ ದಾಖಲೆಯನ್ನು ಓದಿದರೆ ಅಲ್ಲಿ ಕೊಳ್ಳುವ ವಸ್ತು ಯಾವುದೂ ಇಲ್ಲ. ಇರುವುದು ಒಂದು ಕಟ್ಟುನಿಟ್ಟು. ಯಾವ ಜಾಲದಲ್ಲಿದ್ದಾರೆ ಎಂಬ ಕಾರಣಕ್ಕೆ ಯಾರಿಗೂ ಪ್ರವೇಶ ಇಲ್ಲ, ಪ್ರತಿ ಸಂಪನ್ಮೂಲಕ್ಕೂ ಬೇರೆಬೇರೆ ಅನುಮತಿ, ಅದೂ ಆ ಸೆಷನ್ನಿನ ಮಟ್ಟಿಗೆ.

ಲೆಕ್ಕ ಬರೆಯುವ ಆ ಮಹಿಳೆಯನ್ನೇ ಮತ್ತೆ ಕರೆಯೋಣ. ಈ ಬಾರಿ ಕಂಪನಿ ಹೊಸ ಪದ್ಧತಿಗೆ ಬಂದಿದೆ. ಆಕೆ ಬ್ರೌಸರಿನಲ್ಲಿ ಲೆಕ್ಕಪತ್ರದ ತಾಣ ತೆರೆಯುತ್ತಾರೆ. ಎದುರಾಗುವುದು ಸರ್ವರ್ ಅಲ್ಲ, ಅದರ ಮುಂದೆ ನಿಂತ ಪ್ರಾಕ್ಸಿ. ‘ಯಾರೆಂದು ನನಗೆ ಗೊತ್ತಿಲ್ಲ’ ಎಂದು ಅದು ಆಕೆಯನ್ನು ಕಂಪನಿಯ ಗುರುತಿನ ಸೇವೆಯತ್ತ ಕಳಿಸುತ್ತದೆ. ಅಲ್ಲಿ ಬೆರಳು ಒತ್ತಿ ಪಾಸ್‌ಕೀ ಕೊಡುತ್ತಾರೆ. ಪಾಸ್‌ಕೀಯ ಗುಟ್ಟು ಲ್ಯಾಪ್‌ಟಾಪಿನ ಒಳಗೇ ಉಳಿಯುತ್ತದೆ, ಹೊರಗೆ ಹೋಗುವುದು ಸಹಿ ಮಾತ್ರ. ಆ ಸಹಿಯಲ್ಲಿ ತಾಣದ ಹೆಸರೂ ಬೆಸೆದುಕೊಂಡಿರುವುದರಿಂದ, ಒಂದಕ್ಷರ ಬದಲಿಸಿ ಕಟ್ಟಿದ ನಕಲಿ ತಾಣಕ್ಕೆ ಅದು ಉಪಯೋಗಕ್ಕೆ ಬಾರದು. ಎಸ್‌ಎಂಎಸ್ ಒಟಿಪಿಯಲ್ಲಿ ಈ ರಕ್ಷಣೆ ಇಲ್ಲ. ನಕಲಿ ಪುಟದಲ್ಲಿ ಆರು ಅಂಕಿ ತುಂಬಿದರೆ ಕಳ್ಳ ಅದನ್ನು ಅಸಲಿ ಪುಟದಲ್ಲಿ ತುಂಬುತ್ತಾನೆ, ಅಷ್ಟೆ.

ಮನುಷ್ಯರ ಗುರುತಾಯಿತು. ಇನ್ನು ಯಂತ್ರದ್ದು. ಲ್ಯಾಪ್‌ಟಾಪನ್ನು ಕೊಡುವಾಗಲೇ ಕಂಪನಿ ಅದರ ಟಿಪಿಎಂ ಚಿಪ್ಪಿನಲ್ಲಿ ಒಂದು ಪ್ರಮಾಣಪತ್ರದ ಕೀಲಿ ಕೂರಿಸಿದೆ. ಆ ಕೀಲಿಯನ್ನು ನಕಲು ಮಾಡಿ ಬೇರೆ ಕಂಪ್ಯೂಟರಿಗೆ ಒಯ್ಯಲಾಗದು. ಡಿಸ್ಕಿಗೆ ಗೂಢಲಿಪಿ ಇದೆಯೇ, ವಿಂಡೋಸ್ ಪರಿಷ್ಕರಣೆ ಎಷ್ಟು ಹಳೆಯದು ಎಂಬುದನ್ನೂ ನಿರ್ವಹಣಾ ತಂತ್ರಾಂಶ ವರದಿ ಮಾಡುತ್ತದೆ. ಇಷ್ಟನ್ನು ನೋಡಿ ನಿಯಮದ ಎಂಜಿನ್ ತೀರ್ಮಾನಿಸುತ್ತದೆ: ಈಕೆ ಲೆಕ್ಕ ವಿಭಾಗದವರು, ಲೆಕ್ಕಪತ್ರದ ತಾಣಕ್ಕೆ ಹೌದು, ಸಂಬಳದ ಕಡತಕ್ಕೆ ಇಲ್ಲ. ಸಿಗುವ ಟೋಕನ್ನಿನ ಆಯುಸ್ಸು ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸು. ಈಗ ಕರೆಂಟು ಹೋಗಲಿ, ಹಾಟ್‌ಸ್ಪಾಟಿಗೆ ಜಿಗಿಯಲಿ, ವಿಳಾಸ ದಿನಕ್ಕೆ ಹತ್ತು ಸಲ ಬದಲಾಗಲಿ, ಐಟಿ ಹುಡುಗನ ಫೋನು ಸುಮ್ಮನಿರುತ್ತದೆ. ಆಕೆ ಕೆಲಸ ಬಿಟ್ಟ ದಿನ ಗುರುತಿನ ಸೇವೆಯಲ್ಲಿ ಒಂದು ಖಾತೆ ಮುಚ್ಚಿದರೆ ಸಾಕು, ಹತ್ತು ಪಟ್ಟಿಗಳಲ್ಲಿ ಹತ್ತು ಸಾಲು ಹುಡುಕಬೇಕಿಲ್ಲ. ಗಾಬರಿಯಾಗಬೇಕಾದ ಅಂಶ ಒಂದಿದೆ: ಖಾತೆ ಮುಚ್ಚಿದರೂ ಈಗಾಗಲೇ ಕೊಟ್ಟ ಟೋಕನ್ ಅದರ ಆಯುಸ್ಸು ಮುಗಿಯುವವರೆಗೆ ಬದುಕಿರಬಹುದು. ಆಯುಸ್ಸನ್ನು ಎಂಟು ಗಂಟೆಗೋ ಮೂವತ್ತು ದಿನಕ್ಕೋ ಏರಿಸಿಟ್ಟ ಕಚೇರಿಗಳು ಇದನ್ನು ಮರೆಯುತ್ತವೆ.

ಹೊಸ ಪದ್ಧತಿಗೆ ಬಂದವರು ಮಾಡುವ ದೊಡ್ಡ ಎಡವಟ್ಟು ಹಿತ್ತಲ ಬಾಗಿಲಿನದು. ಪ್ರಾಕ್ಸಿ ಮುಂದೆ ನಿಂತಿದೆ, ಸರಿ. ಆದರೆ ಹಿಂದಿನ ಸರ್ವರಿಗೆ ಅದರದೇ ಸಾರ್ವಜನಿಕ ವಿಳಾಸ ಇನ್ನೂ ಇದ್ದರೆ, ಅದನ್ನು ತಿಳಿದವನು ಪ್ರಾಕ್ಸಿಯನ್ನು ಬಳಸಿಕೊಳ್ಳದೆ ನೇರ ಅಲ್ಲಿಗೇ ಹೋಗುತ್ತಾನೆ. ಪರೀಕ್ಷಿಸಲು ಮನೆಯ ಸಾಮಾನ್ಯ ಕಂಪ್ಯೂಟರಿನಿಂದ ಸರ್ವರಿನ ವಿಳಾಸಕ್ಕೆ ನೇರವಾಗಿ ಹೋಗಿ ನೋಡಿದರಾಯಿತು. ಲಾಗಿನ್ ಪುಟ ಕಂಡರೆ ಮುಂಬಾಗಿಲಿನ ಖರ್ಚೆಲ್ಲ ವ್ಯರ್ಥ. ಇದಕ್ಕೆ ಉಪಾಯ, ಸರ್ವರಿನಿಂದಲೇ ಪ್ರಾಕ್ಸಿಯತ್ತ ಹೊರಮುಖವಾಗಿ ಒಂದು ಸುರಂಗ ತೆರೆದು, ಒಳಬರುವ ಪೋರ್ಟುಗಳನ್ನೆಲ್ಲ ಮುಚ್ಚುವುದು. ಅದಾಗದಿದ್ದರೆ ಪ್ರಾಕ್ಸಿಯ ವಿಳಾಸಗಳನ್ನು ಮಾತ್ರ ಬಿಡುವುದು, ಜೊತೆಗೆ ಪ್ರಾಕ್ಸಿ ಪ್ರತಿ ಕೋರಿಕೆಯ ಮೇಲೂ ಹಾಕುವ ಸಹಿಯನ್ನು ಸರ್ವರ್ ತಾನೇ ಪರಿಶೀಲಿಸುವುದು. ವಿಳಾಸದ ಪಟ್ಟಿಯನ್ನು ಮುಂಬಾಗಿಲಿನಿಂದ ಓಡಿಸಿದವರು ಹಿತ್ತಲಲ್ಲಿ ಅದನ್ನೇ ಕಾವಲಿಗಿಡುತ್ತಾರೆ. ನನಗೆ ಇದರಲ್ಲಿ ವಿರೋಧಾಭಾಸವೇನೂ ಕಾಣದು. ಎರಡು ಸ್ಥಿರ ಯಂತ್ರಗಳ ನಡುವೆ ವಿಳಾಸ ಒಳ್ಳೆಯ ಗುರುತೇ.

ಗುರುತನ್ನೇ ನಂಬಿ ಕೂತರೆ ಕಳ್ಳರೂ ಗುರುತಿನ ಕಡೆಗೇ ತಿರುಗುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಊಬರ್ ಕಂಪನಿಯ ಒಬ್ಬ ಗುತ್ತಿಗೆ ನೌಕರನ ಪಾಸ್‌ವರ್ಡ್ ಕಳ್ಳರಿಗೆ ಸಿಕ್ಕಿತ್ತು. ಅವನ ಫೋನಿಗೆ ‘ಒಪ್ಪುವಿರಾ?’ ಎಂಬ ಕೋರಿಕೆ ಮತ್ತೆ ಮತ್ತೆ ಬಂತು. ಕೊನೆಗೊಮ್ಮೆ ಅವನು ಒಪ್ಪಿಬಿಟ್ಟ. ಬರೀ ‘ಹೌದು’ ಒತ್ತಿಸುವ ಎರಡನೇ ತಪಾಸಣೆಯ ಬಲ ಅಷ್ಟೇ. ಮರುವರ್ಷ ಅಕ್ಟೋಬರಿನಲ್ಲಿ ಹೊರಬಿದ್ದ ಓಕ್ಟಾ ಪ್ರಕರಣ ಇನ್ನೂ ದೊಡ್ಡ ಪಾಠ. ಓಕ್ಟಾ ಗುರುತಿನ ಸೇವೆಯನ್ನೇ ಮಾರುವ ಕಂಪನಿ. ಗ್ರಾಹಕರು ತೊಂದರೆ ಬಗೆಹರಿಸಿಕೊಳ್ಳಲು ಅದರ ಸಹಾಯ ವಿಭಾಗಕ್ಕೆ ಏರಿಸಿದ ಬ್ರೌಸರ್ ದಾಖಲೆಗಳಲ್ಲಿ ಜೀವಂತ ಟೋಕನ್ನುಗಳಿದ್ದವು. ಕಳ್ಳರು ಅವುಗಳನ್ನು ಎತ್ತಿ ಕೆಲವು ಗ್ರಾಹಕರ ಸೆಷನ್ನುಗಳನ್ನೇ ವಶಪಡಿಸಿಕೊಂಡರು. ಪಾಸ್‌ಕೀ, ಬೆರಳು ಎಲ್ಲ ಆದ ಮೇಲೆ ಹುಟ್ಟುವುದು ಟೋಕನ್, ಆದ್ದರಿಂದ ಅದನ್ನು ಕದ್ದವನನ್ನು ಯಾರೂ ಬೆರಳು ಕೇಳುವುದಿಲ್ಲ. ಆಮೇಲೆ ಓಕ್ಟಾ ತಂದ ತಿದ್ದುಪಡಿಗಳಲ್ಲೊಂದು ಗಮನಾರ್ಹ: ನಿರ್ವಾಹಕನ ಟೋಕನ್ ಇದ್ದಕ್ಕಿದ್ದಂತೆ ಬೇರೆ ಜಾಲದಿಂದ ಬಂದರೆ ಮತ್ತೆ ಲಾಗಿನ್ ಕೇಳುವುದು. ಗುರುತಿನ ಕಂಪನಿಯೇ ಜಾಲದ ಸ್ಥಾನವನ್ನು ಸಾಕ್ಷಿಗೆ ಕರೆದಿತ್ತು.

ಸಾಕ್ಷಿ ಎಂಬ ಈ ಪಾತ್ರವೇ ವಿಳಾಸಕ್ಕೆ ಇನ್ನು ಸಲ್ಲುವಂಥದ್ದು. ಬೆಳಿಗ್ಗೆ ಹತ್ತಕ್ಕೆ ಡೊಂಬಿವಲಿಯ ಬ್ರಾಡ್‌ಬ್ಯಾಂಡಿನಿಂದ ಬಂದ ಟೋಕನ್ ಹತ್ತೂಕಾಲಿಗೆ ಬೇರೊಂದು ದೇಶದ ಬಾಡಿಗೆ ಸರ್ವರಿನಿಂದ ಬಂದರೆ ಮತ್ತೊಮ್ಮೆ ಬೆರಳು ಕೇಳುವುದು ನ್ಯಾಯ. ಬ್ರಾಡ್‌ಬ್ಯಾಂಡಿನಿಂದ ಮೊಬೈಲಿಗೆ ಹೋದದ್ದಕ್ಕೆಲ್ಲ ಕೇಳಿದರೆ ಜನ ಕಣ್ಣು ಮುಚ್ಚಿ ಬೆರಳು ಒತ್ತುವುದನ್ನು ರೂಢಿಸಿಕೊಳ್ಳುತ್ತಾರೆ. ಆಗ ಊಬರಿನ ಆ ಗುತ್ತಿಗೆದಾರನಿಗೂ ನಮಗೂ ಅಂತರವಿರದು.

ಮನುಷ್ಯರಿಗೆ ಗುರುತು, ಯಂತ್ರಗಳಿಗೆ ವಿಳಾಸ ಎಂಬ ಹಂಚಿಕೆ ನಮ್ಮ ನಿಯಂತ್ರಕರ ನಡೆಯಲ್ಲೂ ಕಾಣುತ್ತದೆ. ರಿಸರ್ವ್ ಬ್ಯಾಂಕಿನ ಮಾಹಿತಿ ತಂತ್ರಜ್ಞಾನ ಆಡಳಿತದ ನಿರ್ದೇಶನ 2023ರ ನವೆಂಬರ್ 7ರದು, ಜಾರಿಗೆ ಬಂದದ್ದು 2024ರ ಏಪ್ರಿಲ್ 1ರಿಂದ. ಕಚೇರಿಯಾಚೆಯಿಂದ ಕೆಲಸ ಮಾಡುವವರ ಬಗ್ಗೆ ಅದು ಬ್ಯಾಂಕುಗಳನ್ನು ಕೇಳುವುದು, ಮುಖ್ಯ ವ್ಯವಸ್ಥೆಗಳಿಗೆ ಬಹುಹಂತದ ದೃಢೀಕರಣ ಇದೆಯೇ, ದೂರದಿಂದ ಜೋಡಿಕೊಳ್ಳುವ ಸಾಧನಗಳನ್ನೆಲ್ಲ ಗುರುತಿಸುವ ವ್ಯವಸ್ಥೆ ಇದೆಯೇ ಎಂದು. ಮನುಷ್ಯ ಯಾರು, ಯಂತ್ರ ಯಾವುದು; ದೂರಸಂಪರ್ಕ ಇಲಾಖೆಯ 2020ರ ಮಾರ್ಚಿನ ಆದೇಶ ಕೇಳಿದ್ದ ಸ್ಟ್ಯಾಟಿಕ್ ಐಪಿಯ ಜಾಗದಲ್ಲಿ ಈಗ ಈ ಎರಡು ಪ್ರಶ್ನೆ. ಇತ್ತ ಸೆಬಿ 2025ರ ಫೆಬ್ರವರಿ 4ರ ಸುತ್ತೋಲೆಯಲ್ಲಿ, ಸಾಮಾನ್ಯ ಹೂಡಿಕೆದಾರರು ಪ್ರೋಗ್ರಾಂ ಮೂಲಕ ಷೇರು ವಹಿವಾಟು ಮಾಡುವುದಾದರೆ ಬ್ರೋಕರ್ ವೈಟ್‌ಲಿಸ್ಟ್ ಮಾಡಿದ ಸ್ಟ್ಯಾಟಿಕ್ ಐಪಿಯಿಂದಲೇ ಬರಬೇಕೆಂದು ವಿಧಿಸಿತು. ಹಿಂದಕ್ಕೆ ಹೋದಂತೆ ಕಂಡರೂ ಅದು ಹಾಗಲ್ಲ. ಅಲ್ಲಿ ಬರುವುದು ಮನುಷ್ಯನಲ್ಲ, ಪ್ರೋಗ್ರಾಂ. ಅದಕ್ಕೆ ಬೆರಳಿಲ್ಲ, ಲೋಕಲ್ ರೈಲಿನ ಹಂಗಿಲ್ಲ, ಕೂತ ಜಾಗದಲ್ಲೇ ಕೂರಬಹುದು. ಅಲ್ಲೂ ಸೆಬಿ ವಿಳಾಸವೊಂದನ್ನೇ ನಂಬಿಲ್ಲ, ಪ್ರತ್ಯೇಕ ಕೀಲಿಯನ್ನೂ ಎರಡು ಹಂತದ ದೃಢೀಕರಣವನ್ನೂ ಜೊತೆಗಿಟ್ಟಿದೆ. ಭಿವಂಡಿಯ ಗೋದಾಮುಗಳಿಂದ ಹೊರಡುವ ಲಾರಿಗಳ ಕಾಗದಪತ್ರದಲ್ಲೂ ಇದೇ ಎರಡು ದಾರಿ. ಇ-ವೇ ಬಿಲ್, ಇ-ಇನ್‌ವಾಯ್ಸ್ ತಾಣಗಳಿಗೆ ಕೈಯಾರೆ ಲಾಗಿನ್ ಆಗುವವರಿಗೆ 2025ರ ಏಪ್ರಿಲ್ 1ರೊಳಗೆ ಹಂತಹಂತವಾಗಿ ಎಲ್ಲರಿಗೂ ಎರಡು ಹಂತದ ದೃಢೀಕರಣ ಕಡ್ಡಾಯವಾಯಿತು. ಕಂಪನಿಯ ತಂತ್ರಾಂಶ ನೇರವಾಗಿ ಇ-ಇನ್‌ವಾಯ್ಸ್ ವ್ಯವಸ್ಥೆಗೆ ಜೋಡಿಕೊಳ್ಳಬೇಕಿದ್ದರೆ ಸ್ಟ್ಯಾಟಿಕ್ ಐಪಿ ಕೊಟ್ಟು ವೈಟ್‌ಲಿಸ್ಟ್ ಮಾಡಿಸಿಕೊಳ್ಳಬೇಕು.

ಸಣ್ಣ ಕಚೇರಿಗೆ ಇದೆಲ್ಲ ದುಬಾರಿಯೇ? ದುಡ್ಡಿಗಿಂತ ದುಬಾರಿ ಯಾವುದೆಂದರೆ, ಯಾವ ಲ್ಯಾಪ್‌ಟಾಪ್ ಯಾರ ಬಳಿ ಇದೆ, ಯಾರು ಯಾವ ತಂತ್ರಾಂಶ ಬಳಸುತ್ತಾರೆ ಎಂಬ ಪಟ್ಟಿ ಮಾಡುವ ಕೆಲಸ. ಮನೆಯ ಕಂಪ್ಯೂಟರಿನಲ್ಲೇ ಕಚೇರಿ ಕೆಲಸ ನಡೆಯುವ ಕಡೆ, ಮಗನ ಆಟ ಅಪ್ಪನ ಲೆಡ್ಜರು ಒಂದೇ ಯಂತ್ರದಲ್ಲಿರುವ ಕಡೆ, ಸಾಧನದ ತಪಾಸಣೆ ಎಂಬುದು ಕಾಗದದ ಮೇಲಿನ ಮಾತು. ಅಂಥವರಿಗೆ ಡೌನ್‌ಲೋಡ್ ತಡೆದು ಬ್ರೌಸರಿನಲ್ಲಿ ನೋಡಲಷ್ಟೇ ಬಿಡುವುದು ಪ್ರಾಮಾಣಿಕ ರಾಜಿ. ಗುರುತಿನ ಸೇವೆಯೇ ಕೆಟ್ಟುನಿಂತರೆ ಇಡೀ ಕಚೇರಿ ಹೊರಗೆ ನಿಲ್ಲುತ್ತದೆ. ಅದಕ್ಕೆಂದು ಎರಡು ತುರ್ತು ಖಾತೆಗಳನ್ನು ಬೇರೆ ಭದ್ರತಾ ಕೀಲಿಗಳೊಂದಿಗೆ ಕಪಾಟಿನಲ್ಲಿ ಬೀಗ ಹಾಕಿಡಬೇಕು, ಅವುಗಳಿಂದ ಯಾರಾದರೂ ಲಾಗಿನ್ ಆದರೆ ಮಾಲೀಕರಿಗೆ ಕೂಡಲೇ ಸಂದೇಶ ಹೋಗಬೇಕು.

ಹಳೇ ಪಟ್ಟಿಯನ್ನು ಒಂದೇ ಏಟಿಗೆ ಅಳಿಸುವವರೂ ಪೆಟ್ಟು ತಿನ್ನುತ್ತಾರೆ. ಮೊದಲು ಪಾಸ್‌ಕೀ, ಪ್ರಾಕ್ಸಿ ಎರಡೂ ನಡೆಯತೊಡಗಲಿ. ಆಮೇಲೆ ಪಟ್ಟಿಯ ಪ್ರತಿ ಸಾಲಿನ ಮೇಲೆ ಲಾಗ್ ಹಚ್ಚಿ, ತಿಂಗಳ ಕೊನೆಯ ಸಂಬಳ, ಜಿಎಸ್‌ಟಿ ದಿನಗಳೂ ಸೇರುವಂತೆ ಒಂದೂವರೆ ತಿಂಗಳು ನೋಡಬೇಕು. ಯಾರೂ ಬಾರದ ಸಾಲುಗಳನ್ನು ಆಗಲೇ ತೆಗೆಯಬಹುದು. ಯಾರೋ ಬರುತ್ತಿರುವ ಸಾಲುಗಳಲ್ಲಿ ಮನುಷ್ಯರಿದ್ದರೆ ಅವರನ್ನು ಪ್ರಾಕ್ಸಿಗೆ ದಾಟಿಸಬೇಕು. ಕೊನೆಗೆ ಉಳಿಯುವುದು ಮೂರೋ ನಾಲ್ಕೋ ಸಾಲು: ಬ್ಯಾಂಕಿನ ಸರ್ವರ್, ಬ್ಯಾಕಪ್ ಯಂತ್ರ, ಪ್ರಾಕ್ಸಿ. ಒಂದೊಂದರ ಪಕ್ಕದಲ್ಲೂ ಯಾರ ಕೋರಿಕೆ, ಯಾವ ತಾರೀಕು, ಮತ್ತೆ ಯಾವಾಗ ಪರಿಶೀಲನೆ ಎಂದು ಬರೆದಿಡಬೇಕು. 2020ರ ಅಕ್ಟೋಬರಿನ ಆ /16 ಸಿಗುವುದು ಈ ಜರಡಿಯಲ್ಲೇ. ಲಾಗ್‌ನಲ್ಲಿ ಅದರ ಮೇಲೆ ದಿನವೂ ಬರುವವರು ಕಾಣುತ್ತಾರೆ, ಆದರೆ ಅವರಲ್ಲಿ ಕಂಪನಿಯ ನೌಕರರು ಒಬ್ಬರೂ ಇರುವುದಿಲ್ಲ.